ಬುಧವಾರ ರಾತ್ರಿ ನೋಡಿದ ಉತ್ತರ

ನನ್ನ ಮೇಜಿನ ಡ್ರಾಯರ್‌ನಲ್ಲಿ ಒಂದು ಸರ್ಟಿಫಿಕೇಟ್ ಇದೆ. ಎನ್‌ಪಿಟಿಇಎಲ್ ಅನ್ನೋ ಆನ್‌ಲೈನ್ ಪಾಠದ ಯೋಜನೆಯ ಪೈಥಾನ್ ಪ್ರೋಗ್ರಾಮಿಂಗ್ ಕೋರ್ಸಿನದು. ಅದರ ಮೇಲೆ ‘ಎಲೈಟ್’ ಅಂತ ಇದೆ. ಒಟ್ಟು ಅಂಕ 60. ಎಲೈಟ್ ಅನ್ನಿಸಿಕೊಳ್ಳಲು ಬೇಕಾದದ್ದೂ ಸರಿಯಾಗಿ 60. ಬಂದ ದಿನದಿಂದ ಅದನ್ನು ನಾನು ಯಾರಿಗೂ ತೋರಿಸಿರಲಿಲ್ಲ. ಹೋದ ಸೆಮಿಸ್ಟರ್‌ನಲ್ಲಿ ನನ್ನ ವಿದ್ಯಾರ್ಥಿಗಳಿಗೆ ತೋರಿಸಿದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗದ ಮೇಷ್ಟ್ರು. ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಕೋರ್ಸುಗಳನ್ನು ನಮ್ಮ ಹುಡುಗರು ತೆಗೆದುಕೊಳ್ಳುತ್ತಾರೆ, ಮೇಷ್ಟ್ರುಗಳೂ ತೆಗೆದುಕೊಳ್ಳುತ್ತೇವೆ. ಪಾಠ ಪುಕ್ಕಟೆ, ಪರೀಕ್ಷೆ ಬರೆಯುವುದಾದರೆ ಮಾತ್ರ ಫೀಸು. ಹನ್ನೆರಡು ವಾರದ ಕೋರ್ಸಾದರೆ ವಾರಕ್ಕೊಂದು ಅಸೈನ್‌ಮೆಂಟ್ ಇರುತ್ತದೆ. ಮನೆಯಲ್ಲೇ ಕೂತು ಮಾಡಬಹುದು. ಹನ್ನೆರಡರಲ್ಲಿ ಚೆನ್ನಾಗಿ ಬಂದ ಎಂಟರ ಸರಾಸರಿ ತೆಗೆದು, ಅದನ್ನು 25 ಅಂಕಕ್ಕೆ ಇಳಿಸುತ್ತಾರೆ. ಉಳಿದ 75 ಅಂಕ ಕೊನೆಯ ಪರೀಕ್ಷೆಗೆ. ಅದಕ್ಕೆ ಸೆಂಟರ್‌ಗೇ ಹೋಗಬೇಕು. ಹಾಲ್ ಟಿಕೆಟ್, ಗುರುತಿನ ಚೀಟಿ, ಮೂರು ಗಂಟೆ, ಕಣ್ಣಿಟ್ಟು ಓಡಾಡುವ ಇನ್ವಿಜಿಲೇಟರ್. ಫೋನು ಹೊರಗೆ ಬ್ಯಾಗಿನಲ್ಲಿ. ಅಸೈನ್‌ಮೆಂಟಿನಲ್ಲಿ 25ಕ್ಕೆ 10, ಪರೀಕ್ಷೆಯಲ್ಲಿ 75ಕ್ಕೆ 30 ಬಂದರೆ ಮಾತ್ರ ಸರ್ಟಿಫಿಕೇಟ್.

ಅಸೈನ್‌ಮೆಂಟ್ ಕಳಿಸಲು ಕೊನೆಯ ಗಳಿಗೆ ನಮಗೆ ಬುಧವಾರ ರಾತ್ರಿ 11:59 ಆಗಿತ್ತು. ಗಡುವು ಮುಗಿದ ಮೇಲೆ ಅವರೇ ಕೀ ಆನ್ಸರ್ ಹಾಕುತ್ತಾರೆ, ವಿವರಣೆ ಸಮೇತ. ಅಂದರೆ ಉತ್ತರ ಗುಟ್ಟೇನೂ ಅಲ್ಲ. ಗಡುವು ದಾಟಿದ ಮೇಲೆ ಅದನ್ನು ನೋಡಬೇಕು ಅಂತಲೇ ಕೊಡುತ್ತಾರೆ. ಆದರೆ ಗಡುವಿಗೆ ಮೊದಲೇ ಯೂಟ್ಯೂಬಿನಲ್ಲಿ, ಟೆಲಿಗ್ರಾಮ್ ಗುಂಪುಗಳಲ್ಲಿ ಯಾರೋ ಉತ್ತರ ಹಾಕಿರುತ್ತಾರೆ. ವಾರದ ಸಂಖ್ಯೆ ಹೊಡೆದರೆ ಸಾಕು, ಸಿಗುತ್ತದೆ.

ನಾಲ್ಕನೇ ವಾರ. ಆ ಬುಧವಾರ ಇಂಟರ್ನಲ್ಸ್ ಪೇಪರ್ ತಿದ್ದಿ ಮುಗಿಸುವಷ್ಟರಲ್ಲಿ ರಾತ್ರಿ ಹನ್ನೊಂದಾಗಿತ್ತು. ಪಾಠದ ವೀಡಿಯೊಗಳಲ್ಲಿ ಎರಡನ್ನು ನೋಡಿರಲೇ ಇಲ್ಲ. ಪ್ರಶ್ನೆ ತೆರೆದೆ. ಒಂದು ಹೀಗಿತ್ತು:

```python
a = [1, 2, 3]
b = a
b.append(4)
print(len(a))
```

ಏನು ಪ್ರಿಂಟ್ ಆಗುತ್ತದೆ? ಅಂದರೆ ಕೊನೆಗೆ `a` ಪಟ್ಟಿಯಲ್ಲಿ ಎಷ್ಟು ಅಂಕಿ ಇರುತ್ತವೆ? ನನಗೆ 3 ಅನ್ನಿಸಿತು. `b`ಗೆ ತಾನೇ ಸೇರಿಸಿದ್ದು, `a` ಯಾಕೆ ಬದಲಾಗಬೇಕು? ಆದರೆ ಅನುಮಾನ. ಗಂಟೆ 11:40. ಯೂಟ್ಯೂಬ್ ತೆರೆದೆ. ವೀಡಿಯೊದಲ್ಲಿ 4 ಅಂತಿತ್ತು. 4 ಹಾಕಿದೆ. ಒಂದು ಸಲ ತೆರೆದ ಮೇಲೆ ಉಳಿದವನ್ನೂ ಅಲ್ಲಿಂದಲೇ ಹಾಕಿದೆ. ನೂರಕ್ಕೆ ನೂರು ಬಂತು.

ಆ ರಾತ್ರಿ ನನಗೆ ದೊಡ್ಡ ತಪ್ಪು ಮಾಡಿದೆ ಅಂತೇನೂ ಅನ್ನಿಸಲಿಲ್ಲ. ನಾಳೆ ಹೇಗೂ ಕೀ ಬರುತ್ತದೆ, ಒಂದು ದಿನ ಮುಂಚೆ ನೋಡಿದೆ, ಅಷ್ಟೇ ಅಲ್ವಾ ಅಂದುಕೊಂಡೆ. ಉತ್ತರ ನೋಡಿ ಕಲಿಯೋದೂ ಕಲಿಕೆಯೇ ಅಂತ ನನಗೆ ನಾನೇ ಹೇಳಿಕೊಂಡೆ. ಆ ಮಾತಿನಲ್ಲಿ ಅರ್ಧ ನಿಜ ಇದೆ. ಆ ಅರ್ಧವೇ ನನ್ನನ್ನು ಕೆಡಿಸಿದ್ದು.

ಕೋರ್ಸ್ ಮುಗಿದು ಪರೀಕ್ಷೆ ಬಂತು. ಅಲ್ಲಿ ಈ ಪ್ರಶ್ನೆ ಸಿಕ್ಕಿತು:

```python
def f(x):
    x = x + [4]

a = [1, 2, 3]
f(a)
print(len(a))
```

ನೋಡಿದ ಕೂಡಲೇ ಖುಷಿಯಾಯಿತು. ಇದು ಗೊತ್ತಿರೋದೇ! ಇನ್ನೊಂದು ಹೆಸರಿನಿಂದ ಸೇರಿಸಿದರೂ ಮೂಲ ಪಟ್ಟಿಗೇ ಸೇರುತ್ತದೆ, ಉತ್ತರ 4. ಒಂದು ಚೂರೂ ಅನುಮಾನ ಬರಲಿಲ್ಲ. ಗುರುತು ಹಾಕಿ ಮುಂದಕ್ಕೆ ಹೋದೆ. ಮನೆಗೆ ಬಂದು, ನೆನಪಿದ್ದಷ್ಟನ್ನು ಕಂಪ್ಯೂಟರ್‌ನಲ್ಲಿ ಹೊಡೆದು ನೋಡಿದೆ. ಪರದೆಯ ಮೇಲೆ 3 ಬಂತು.

ಇದನ್ನು ನಾನೀಗ ತರಗತಿಯಲ್ಲಿ ಡಬ್ಬ, ಚೀಟಿ ಇಟ್ಟು ಹೇಳಿಕೊಡುತ್ತೇನೆ. ಅಡುಗೆಮನೆಯಲ್ಲಿ ಒಂದು ಡಬ್ಬ ಇದೆ, ಅದಕ್ಕೆ `a` ಅಂತ ಚೀಟಿ ಅಂಟಿಸಿದ್ದೇವೆ. `b = a` ಅಂದರೆ ಹೊಸ ಡಬ್ಬ ಬರಲಿಲ್ಲ, ಅದೇ ಡಬ್ಬಕ್ಕೆ ಎರಡನೇ ಚೀಟಿ ಬಿತ್ತು. `append` ಅಂದರೆ ಆ ಡಬ್ಬದೊಳಕ್ಕೇ ಇನ್ನೊಂದು ಸಾಮಾನು ಹಾಕಿದ ಹಾಗೆ. ಯಾವ ಚೀಟಿ ಓದಿ ತೆಗೆದರೂ ಒಳಗೆ ನಾಲ್ಕು ಸಾಮಾನು. ಪರೀಕ್ಷೆಯ ಪ್ರಶ್ನೆಯಲ್ಲೂ `f(a)` ಅಂದಾಗ ಅದೇ ಡಬ್ಬಕ್ಕೆ `x` ಅನ್ನೋ ಇನ್ನೊಂದು ಚೀಟಿ ಬೀಳುತ್ತದೆ. ಆದರೆ `x + [4]` ಹೊಸ ಡಬ್ಬವನ್ನೇ ಮಾಡುತ್ತದೆ. ಹಳೆಯದರಲ್ಲಿದ್ದ ಮೂರರ ಜೊತೆ ಒಂದು ಸೇರಿಸಿ ಹೊಸ ಡಬ್ಬಕ್ಕೆ ತುಂಬುತ್ತದೆ. ಆಮೇಲೆ `x =` ಅನ್ನೋದು `x` ಚೀಟಿಯನ್ನು ಹಳೆಯ ಡಬ್ಬದಿಂದ ಕಿತ್ತು ಹೊಸದಕ್ಕೆ ಅಂಟಿಸುತ್ತದೆ. `a` ಚೀಟಿ ಇದ್ದಲ್ಲೇ ಇದೆ, ಅದರ ಡಬ್ಬದಲ್ಲಿ ಮೂರೇ. ಅದೇ ಸಾಲನ್ನು `x += [4]` ಅಂತ ಬರೆದಿದ್ದರೆ ಪೈಥಾನ್ ಹಳೆಯ ಡಬ್ಬದೊಳಕ್ಕೇ ಹಾಕುತ್ತಿತ್ತು, ಆಗ ಉತ್ತರ 4.

ನಾಲ್ಕನೇ ವಾರದ ಪ್ರಶ್ನೆಗೆ ನಾನು 3 ಅಂತಲೇ ಹಾಕಿ ತಪ್ಪಿದ್ದರೆ ಏನಾಗುತ್ತಿತ್ತು? ಗುರುವಾರ ಕೀ ನೋಡಿದಾಗ ಚುರುಕ್ ಅನ್ನುತ್ತಿತ್ತು. ಅರೆ, ಯಾಕೆ ನಾಲ್ಕು ಅಂತ ಕೂತು ಯೋಚಿಸುತ್ತಿದ್ದೆ. ಎರಡು ಚೀಟಿ, ಒಂದು ಡಬ್ಬ ಅನ್ನೋದು ಆವತ್ತೇ ತಲೆಗೆ ಹೋಗುತ್ತಿತ್ತು. ನಾನು ನನ್ನ ತಪ್ಪನ್ನು ತಪ್ಪಾಗಲು ಬಿಡಲಿಲ್ಲ. ಉತ್ತರ ಸರಿ ಇದ್ದುದರಿಂದ ಗುರುವಾರ ವಿವರಣೆ ಓದುವ ಗೋಜಿಗೂ ಹೋಗಲಿಲ್ಲ. ನೂರಕ್ಕೆ ನೂರು ಬಂದವನು ಯಾಕೆ ಓದುತ್ತಾನೆ?

ಪರೀಕ್ಷೆಯಲ್ಲಿ ಹೋದ ಅಂಕ ಹೋಯಿತು. ನನ್ನನ್ನು ಜಾಸ್ತಿ ಕಾಡಿದ್ದು ಸರ್ಟಿಫಿಕೇಟ್ ಬಂದ ದಿನ. ಅದರಲ್ಲಿ ಅಸೈನ್‌ಮೆಂಟಿನ ಅಂಕ ಬೇರೆ, ಪರೀಕ್ಷೆಯ ಅಂಕ ಬೇರೆ, ಎರಡನ್ನೂ ಅಕ್ಕಪಕ್ಕ ಹಾಕಿರುತ್ತಾರೆ. ನನ್ನದು 25ಕ್ಕೆ 22, 75ಕ್ಕೆ 38. ಒಟ್ಟು 60, ಎಲೈಟ್. ಖುಷಿಯಾಯಿತು. ಆಮೇಲೆ ನಾಲ್ಕನೇ ವಾರ ನೆನಪಾಯಿತು.

ಪೆನ್ನು ಹಾಳೆ ತೆಗೆದುಕೊಂಡು ಕೂತೆ. ಹನ್ನೆರಡರಲ್ಲಿ ನಾನು ಕಳಿಸಿದ್ದು ಒಂಬತ್ತೇ ಅಸೈನ್‌ಮೆಂಟು. ಮನೆಯಲ್ಲಿ ಮದುವೆ, ಕಾಲೇಜಿನಲ್ಲಿ ಪರೀಕ್ಷೆ ಅಂತ ಮೂರು ತಪ್ಪಿದ್ದವು. ಆ ಒಂಬತ್ತರಲ್ಲಿ ಚೆನ್ನಾಗಿ ಬಂದ ಎಂಟರ ಮೊತ್ತ 704, ಸರಾಸರಿ 88, ಅದರ ಕಾಲುಭಾಗ 22. ನಾಲ್ಕನೇ ವಾರದ ನೂರನ್ನು ಹೊರಗಿಟ್ಟರೆ, ಅದರ ಜಾಗಕ್ಕೆ ಒಂಬತ್ತನೆಯದು ಬರುತ್ತದೆ. ಅದರಲ್ಲಿ ನನಗೆ ಬಂದಿದ್ದು 60. ಮೊತ್ತ 664 ಆಗುತ್ತದೆ, ಸರಾಸರಿ 83, ಅದರ ಕಾಲುಭಾಗ 20.75. ಒಟ್ಟು 58.75. ಹೆಚ್ಚೆಂದರೆ 59.

ಒಂದೂಕಾಲು ಅಂಕ. ಆ ಕಾಗದದ ಮೇಲಿನ ‘ಎಲೈಟ್’ ಅನ್ನೋ ಪದ ಬುಧವಾರ ರಾತ್ರಿಯ ಆ ಇಪ್ಪತ್ತು ನಿಮಿಷದ ಮೇಲೆ ನಿಂತಿತ್ತು.

ಇದಾದ ಮೇಲೆ ನಾನು ತುಂಬಾ ಯೋಚಿಸಿದೆ. ಬುಧವಾರ ರಾತ್ರಿ ನೋಡಿದ 4, ಗುರುವಾರ ಬೆಳಗ್ಗೆ ನೋಡಬಹುದಾಗಿದ್ದ 4, ಎರಡೂ ಒಂದೇ ಅಂಕಿ. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಪರೀಕ್ಷೆ ಹಾಲಿನಲ್ಲಿ ಪಕ್ಕದವರ ಪರದೆಯಲ್ಲಿ ಕಾಣುವ 4 ಕೂಡ ಅದೇ. ಒಂದು ಸರಿ, ಒಂದು ತಪ್ಪು, ಇನ್ನೊಂದಕ್ಕೆ ಡಿಬಾರ್ ಆಗಬಹುದು. ಹಾಗಾದರೆ ವ್ಯತ್ಯಾಸ ಎಲ್ಲಿದೆ?

ನನಗೆ ಕಂಡದ್ದು ಇಷ್ಟು. ಅಭ್ಯಾಸದ ಪುಸ್ತಕದಲ್ಲಿ ಬರೆಯುವುದು ನಾನು ನನಗೆ ಹೇಳಿಕೊಳ್ಳುವ ಮಾತು. ಅಲ್ಲಿ ಎಷ್ಟು ಸಲ ಬೇಕಾದರೂ ಉತ್ತರ ನೋಡಬಹುದು, ಅಳಿಸಬಹುದು, ಮತ್ತೆ ಬರೆಯಬಹುದು. ಕಳಿಸುವ ಗುಂಡಿ ಒತ್ತಿದ ಕೂಡಲೇ ಅದು ಇನ್ನೊಬ್ಬರಿಗೆ ಹೇಳುವ ಮಾತಾಗುತ್ತದೆ: ಇದನ್ನು ನಾನು ಮಾಡಿದೆ. ಮುಂದೆ ಯಾರೋ ಆ ಅಂಕ ನೋಡಿ ಕ್ರೆಡಿಟ್ ಕೊಡುತ್ತಾರೆ, ಇನ್ಯಾರೋ ಕೆಲಸಕ್ಕೆ ಕರೆಯುತ್ತಾರೆ. ಅವರು ನನ್ನ ಮಾತನ್ನು ನಂಬಿರುತ್ತಾರೆ. ಪರೀಕ್ಷೆ ಹಾಲಿನಲ್ಲಿ ಇನ್ವಿಜಿಲೇಟರ್ ಇರುತ್ತಾರೆ, ಹಾಗಾಗಿ ಅಲ್ಲಿ ನನ್ನ ಪ್ರಾಮಾಣಿಕತೆಗೆ ಅಂಥ ಕೆಲಸವೇ ಇರಲಿಲ್ಲ. ಫೋನ್ ಹೊರಗಿತ್ತು, ಕಾಪಿ ಹೊಡೆಯಲು ದಾರಿಯೇ ಇರಲಿಲ್ಲ. ಅದಕ್ಕೆ ಕೆಲಸ ಇದ್ದದ್ದು ಬುಧವಾರ ರಾತ್ರಿ, ಒಬ್ಬನೇ ಕೂತಿದ್ದಾಗ. ಆಗ ಅದು ನನ್ನ ಜೊತೆ ಇರಲಿಲ್ಲ.

ಪಾಪ, ಯಾರಿಗೂ ತೊಂದರೆ ಆಗಲಿಲ್ಲವಲ್ಲ ಅಂತ ಕೆಲವರು ಹೇಳುತ್ತಾರೆ. ನನ್ನ ವಿಷಯದಲ್ಲಿ ಇರಬಹುದು. ಆದರೆ ಪರೀಕ್ಷೆಯ ಅಂಕ ಸುಳ್ಳಾದರೆ ಪ್ರಾಮಾಣಿಕವಾಗಿ ಓದಿ ಬರೆದವರಿಗೆ ಏನಾಗುತ್ತದೆ ಅಂತ ನಮ್ಮ ರಾಜ್ಯವೇ ನೋಡಿದೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಒಎಂಆರ್ ಹಾಳೆಯಲ್ಲಿ ಅಕ್ರಮವಾಗಿ ಉತ್ತರ ತುಂಬಿದ ಆರೋಪದ ಮೇಲೆ 2022ರ ಏಪ್ರಿಲ್‌ನಲ್ಲಿ ಸರ್ಕಾರ ನೇಮಕಾತಿಯನ್ನೇ ರದ್ದು ಮಾಡಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಹಗಲುರಾತ್ರಿ ಓದಿ, ನ್ಯಾಯವಾಗಿ ಆಯ್ಕೆಯಾದವರೂ ಎರಡು ವರ್ಷ ಕಾದು ಇನ್ನೊಮ್ಮೆ ಬರೆಯಬೇಕಾಯಿತು. ನನ್ನ ಒಂದೂಕಾಲು ಅಂಕವನ್ನು ಅದರ ಪಕ್ಕ ಇಟ್ಟು ತೂಗುವುದು ಸರಿಯಲ್ಲ, ಗೊತ್ತು. ಆದರೂ ಎರಡೂ ಕಡೆ ನಡೆದದ್ದು ಒಂದೇ: ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಹೇಳಿದ್ದು.

ಈಗ ನಾನು ನಮ್ಮ ಕಾಲೇಜಿನಲ್ಲಿ ಈ ಕೋರ್ಸುಗಳಿಗೆ ಮೆಂಟರ್. ಹೋದ ಸೆಮಿಸ್ಟರ್ ಒಂದು ಗುರುವಾರ ಮಧ್ಯಾಹ್ನ ಏಳೆಂಟು ಹುಡುಗರು ಒಟ್ಟಿಗೆ ಬಂದರು. “ಸರ್, ಏಳನೇ ಪ್ರಶ್ನೆಗೆ ಕೀ ತಪ್ಪು ಕೊಟ್ಟಿದ್ದಾರೆ. ಉತ್ತರ ಸಿ ಆಗಬೇಕು,” ಅಂದರು. ಎಲ್ಲರದ್ದೂ ಸಿ. ನಾನು ಪ್ರಶ್ನೆ ಓದಿದೆ. ಉತ್ತರ ಬಿ ಅಂತಲೇ ಅನ್ನಿಸಿತು. “ಸಿ ಹೇಗೆ ಬಂತು, ಬೋರ್ಡಿನ ಮೇಲೆ ಮಾಡಿ ತೋರಿಸಿ,” ಅಂದೆ. ಚಾಕ್‌ಪೀಸ್ ಯಾರೂ ಮುಟ್ಟಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು.

ತಪ್ಪು ಮಾಡುವವರು ಬೇರೆ ಬೇರೆ ತಪ್ಪು ಮಾಡುತ್ತಾರೆ. ಒಬ್ಬ ಚಿಹ್ನೆ ಬಿಡುತ್ತಾನೆ, ಇನ್ನೊಬ್ಬಳು ಲೂಪನ್ನು ಒಂದು ಸಲ ಜಾಸ್ತಿ ಎಣಿಸುತ್ತಾಳೆ. ಎಂಟು ಜನ ಒಂದೇ ತಪ್ಪು ಮಾಡಿ, ಎಂಟೂ ಜನಕ್ಕೆ ಅದರ ದಾರಿ ಗೊತ್ತಿಲ್ಲದಿದ್ದರೆ ವೀಡಿಯೊ ತಪ್ಪಿತ್ತು ಅಂತ ಅರ್ಥ. ನಾನು ಬೈಯಲಿಲ್ಲ. ಬೈಯಲು ನನಗೆ ಬಾಯಿಯೂ ಇರಲಿಲ್ಲ. ಡ್ರಾಯರ್ ತೆರೆದು ಸರ್ಟಿಫಿಕೇಟ್ ಹೊರಗೆ ತೆಗೆದದ್ದು ಆವತ್ತೇ. ನಾಲ್ಕನೇ ವಾರದ ಕತೆ ಹೇಳಿದೆ. 704, 664 ಲೆಕ್ಕವನ್ನೂ ಬೋರ್ಡಿನ ಮೇಲೆ ಮಾಡಿದೆ.

ಐದನೇ ಸೆಮಿಸ್ಟರ್‌ನ ಒಬ್ಬ ಹುಡುಗಿ ಕೇಳಿದಳು, “ಹಾಗಾದ್ರೆ ಸರ್, ಉತ್ತರ ನೋಡಲೇಬಾರದಾ?”

“ನೋಡಲೇಬೇಕು,” ಅಂದೆ. “ಯಾವಾಗ, ಹೇಗೆ ಅನ್ನೋದು ಮುಖ್ಯ.”

ಆವತ್ತಿನಿಂದ ನಾವು ಒಂದು ಕ್ರಮ ಇಟ್ಟುಕೊಂಡಿದ್ದೇವೆ. ಅಸೈನ್‌ಮೆಂಟ್ ಮಾಡುವಾಗ ಪ್ರತಿ ಪ್ರಶ್ನೆಗೂ ನೋಟ್‌ಬುಕ್ಕಿನಲ್ಲಿ ನೀಲಿ ಪೆನ್ನಿನಲ್ಲಿ ಉತ್ತರ ಬರೆಯಬೇಕು. ಪಕ್ಕದಲ್ಲಿ ಒಂದು ಗುರುತು: ಖಚಿತವಾಗಿ ಗೊತ್ತಿದ್ದರೆ ಟಿಕ್, ಊಹೆ ಆಗಿದ್ದರೆ ಪ್ರಶ್ನಾರ್ಥಕ ಚಿಹ್ನೆ. ಕಳಿಸಬೇಕಾದದ್ದು ಅದೇ ನೀಲಿ ಉತ್ತರ. ಗಡುವು ಮುಗಿದು ಕೀ ಬಂದ ಮೇಲೆ ಕೆಂಪು ಪೆನ್ನು. ನೀಲಿಯನ್ನು ಅಳಿಸುವ ಹಾಗಿಲ್ಲ.

ಈ ಗುರುತು ಯಾಕೆ ಬೇಕು ಅಂದರೆ, ಉತ್ತರ ನೋಡಿದ ಕ್ಷಣ ಮನಸ್ಸು ಪಕ್ಷ ಬದಲಿಸುತ್ತದೆ. ಬಿ ಅಂತ ಕಂಡ ಕೂಡಲೇ, ‘ನಾನೂ ಬಿ ಅಂತಲೇ ಅಂದುಕೊಂಡಿದ್ದೆ’ ಅನ್ನಿಸಿಬಿಡುತ್ತದೆ. ಆಗ ಸುಳ್ಳು ಹೇಳುತ್ತಿದ್ದೇವೆ ಅಂತ ನಮಗೇ ಗೊತ್ತಾಗುವುದಿಲ್ಲ. ಮೊದಲೇ ಬರೆದ ಗುರುತು ಮಾತ್ರ ಅದನ್ನು ಹಿಡಿದುಕೊಡುತ್ತದೆ. ಊಹೆ ಮಾಡಿ ಸರಿ ಬಂದದ್ದನ್ನು ನಮ್ಮ ಹುಡುಗರು ಮೊದಲೆಲ್ಲ ಬಲ್ಲ ವಿಷಯ ಅಂತ ಲೆಕ್ಕ ಹಾಕುತ್ತಿದ್ದರು. ಈಗ ಅದನ್ನೂ ಕೆಂಪು ಪೆನ್ನಿನಲ್ಲಿ ಸುತ್ತುತ್ತಾರೆ. ಖಚಿತ ಅಂತ ಟಿಕ್ ಹಾಕಿ ತಪ್ಪಿದ್ದು ಎಲ್ಲಕ್ಕಿಂತ ಬೆಲೆಬಾಳುವ ಸಾಲು. ಪರೀಕ್ಷೆಯಲ್ಲಿ ನಾನು ಒಂದು ಚೂರೂ ಅನುಮಾನವಿಲ್ಲದೆ 4 ಹಾಕಿ ಬಂದೆನಲ್ಲ, ಅಂಥದ್ದು ಅಭ್ಯಾಸದಲ್ಲೇ ಸಿಕ್ಕಿಬಿದ್ದರೆ ಅದೃಷ್ಟ.

ಕೀ ನೋಡಿ ವಿವರಣೆ ಓದಿದ ಮೇಲೆ ತಕ್ಷಣ ಮತ್ತೆ ಮಾಡಬೇಡಿ ಅಂತ ಹೇಳಿದ್ದೇನೆ. ಬಿಸಿಬಿಸಿಯಾಗಿ ಎಲ್ಲ ಬರುತ್ತದೆ. ಎರಡು ಮೂರು ದಿನ ಬಿಟ್ಟು, ಪುಸ್ತಕ ಮುಚ್ಚಿ, ಪ್ರಶ್ನೆಯನ್ನು ಸ್ವಲ್ಪ ತಿರುಚಿ ಮಾಡಬೇಕು. `append` ಇದ್ದಲ್ಲಿ `+` ಹಾಕಿ ನೋಡುವುದು, `b = a` ಇದ್ದಲ್ಲಿ ಪಟ್ಟಿಯ ನಕಲು ಮಾಡುವ `b = a[:]` ಹಾಕಿ ಎಷ್ಟು ಬರಬಹುದು ಅಂತ ಮೊದಲು ಬರೆದು ಆಮೇಲೆ ರನ್ ಮಾಡುವುದು. 2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಪಾಠವನ್ನು ಮತ್ತೆ ಓದಿದವರು, ಪಾಠ ಮುಚ್ಚಿಟ್ಟು ನೆನಪಿನಿಂದ ಬರೆದವರು, ಹೀಗೆ ಎರಡು ಗುಂಪು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರು ಮುಂದೆ. ಬುಧವಾರ ರಾತ್ರಿ ಉತ್ತರ ನೋಡಿ, ಕಲಿತೆ ಅಂದುಕೊಂಡ ನಾನು ಆ ಐದು ನಿಮಿಷದ ಗುಂಪಿನವನಾಗಿದ್ದೆ.

ಈ ಕ್ರಮದಿಂದ ಅಸೈನ್‌ಮೆಂಟ್ ಅಂಕ ಇಳಿಯುತ್ತದೆ. ಅದನ್ನು ಮುಚ್ಚಿಡಬಾರದು. ಮೊದಲು ಹುಡುಗರು ಎಲ್ಲ ವಾರವೂ ನೂರು ತರುತ್ತಿದ್ದರು. ನನಗೆ ತೋರಿಸಿದ ಒಬ್ಬನ ಹಳೆಯ ಫಲಿತಾಂಶದಲ್ಲಿ ಅಸೈನ್‌ಮೆಂಟ್ 25ಕ್ಕೆ 25, ಪರೀಕ್ಷೆ 75ಕ್ಕೆ 24. ಕೂಡಿದರೆ 49, ಆದರೆ ಪರೀಕ್ಷೆಯಲ್ಲಿ 30 ದಾಟಲಿಲ್ಲ, ಸರ್ಟಿಫಿಕೇಟ್ ಇಲ್ಲ. ಅವನು ಅದೇ ಕೋರ್ಸನ್ನು ಮತ್ತೆ ತೆಗೆದುಕೊಂಡು ನೀಲಿ, ಕೆಂಪು ಪೆನ್ನಿನಲ್ಲಿ ಮಾಡಿದ. ಈ ಸಲ ಅಸೈನ್‌ಮೆಂಟ್ 17, ಪರೀಕ್ಷೆ 47. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಹೇಳಲಾರೆ. ಎರಡನೇ ಸಲ ಓದಿದ ಲಾಭವೂ ಅದರಲ್ಲಿ ಸೇರಿದೆ. ಆದರೆ ಆ 17ನ್ನು ಅವನು ನನ್ನ ಮುಂದೆ ಸಂಕೋಚವಿಲ್ಲದೆ ಹೇಳಿದ ರೀತಿ ನನಗೆ ತುಂಬಾ ಇಷ್ಟವಾಯಿತು.

ಒಂದು ಪ್ರಶ್ನೆಗೆ ಮಾತ್ರ ನನ್ನಲ್ಲಿ ಸಲೀಸಾದ ಉತ್ತರ ಇಲ್ಲ. ಗೆಳೆಯರು ಸೇರಿ ಚರ್ಚಿಸಿ ಮಾಡಿದರೆ? ಹಾಸ್ಟೆಲಿನಲ್ಲಿ ನಾಲ್ಕು ಜನ ಕೂತು ಮಾಡುವಾಗ ಎಲ್ಲಿ ಚರ್ಚೆ ಮುಗಿಯುತ್ತದೆ, ಎಲ್ಲಿ ಕಾಪಿ ಶುರುವಾಗುತ್ತದೆ? ಪಾಠದ ಬಗ್ಗೆ ಎಷ್ಟು ಬೇಕಾದರೂ ಮಾತಾಡಿ, ಕಳಿಸುವ ಪ್ರಶ್ನೆಯನ್ನು ಮಾತ್ರ ಒಬ್ಬೊಬ್ಬರೇ ಮಾಡಿ ಅಂತ ಹೇಳುತ್ತೇನೆ. ಎರಡೂ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ, ನಿಜ. ಉತ್ತರ ನೋಡಲೇಬಾರದಾ ಅಂತ ಕೇಳಿದ ಆ ಹುಡುಗಿ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದಾಳೆ. ಗೆಳತಿ ಏನಾದರೂ ಹೇಳಿಕೊಟ್ಟರೆ ನೋಟ್‌ಬುಕ್ಕಿನಲ್ಲಿ ಆ ಪ್ರಶ್ನೆಯ ಪಕ್ಕ ಗೆಳತಿಯ ಹೆಸರು ಬರೆಯುತ್ತಾಳೆ. ಆ ಪ್ರಶ್ನೆಯನ್ನು ವಾರದ ಕೊನೆಗೆ ಒಬ್ಬಳೇ ಮತ್ತೆ ಮಾಡುತ್ತಾಳೆ.

ನಾನೂ ಈ ಸಲ ಇನ್ನೊಂದು ಕೋರ್ಸಿಗೆ ಸೇರಿದ್ದೇನೆ. ಮೊನ್ನೆ ಬುಧವಾರ ರಾತ್ರಿ ಹತ್ತೂಮುಕ್ಕಾಲಿಗೆ ಮೂರನೇ ವಾರದ ಅಸೈನ್‌ಮೆಂಟಿಗೆ ಕೂತೆ. ಎಂಟನೇ ಪ್ರಶ್ನೆ ಬರಲಿಲ್ಲ. ಎರಡು ಸಲ ಹಾಳೆಯ ಮೇಲೆ ಮಾಡಿದೆ, ಎರಡು ಬೇರೆ ಉತ್ತರ ಬಂತು. ಫೋನ್ ಕೈಯಳತೆಯಲ್ಲೇ ಇತ್ತು. ಡಿ ಅಂತ ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿ ಮಲಗಿದೆ. ಕೀ ಬಂದ ಮೇಲೆ ನೋಡಿದರೆ ಉತ್ತರ ಎ. ಕಾಲೇಜಿಗೆ ಹೊರಡುವ ಮುಂಚೆ, ಅಡುಗೆಮನೆಯ ಕಟ್ಟೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು, ಕಾಫಿ ಕುಡಿಯುತ್ತಾ ಆ ವಿವರಣೆಯನ್ನು ಮೂರು ಸಲ ಓದಿದೆ. ಮೂರನೇ ಸಲಕ್ಕೆ ಅರ್ಥವಾಯಿತು. ಕೆಂಪು ಪೆನ್ನು ಹುಡುಕುವಷ್ಟರಲ್ಲಿ ಬಸ್ಸಿಗೆ ಹೊತ್ತಾಗಿತ್ತು. ಪೆನ್ನನ್ನು ಜೇಬಿಗೆ ಹಾಕಿಕೊಂಡು, ಬಸ್ಸಿನಲ್ಲಿ ಕೂತು ಗುರುತು ಹಾಕಿದೆ.